ಪಟ ನಿಂತಿದೆ, ಮೈ ನಿಂತಿದೆಯೆ?

ಆಸನವನ್ನು ಕಂಡು ಗುಣದೋಷ ಹೇಳುವುದು ಒಂದು ವಿದ್ಯೆ; ಆಸನದ ಪಟವನ್ನು ಕಂಡು ಗುಣದೋಷ ಹೇಳುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಬಲ್ಲವರೆಲ್ಲ ಎರಡನೆಯದನ್ನೂ ಬಲ್ಲೆವೆಂದು ತಿಳಿದು ತೀರ್ಪು ಕೊಡಲು ಹೊರಟಿರುವುದೇ ಈಚಿನ ಕೇಡು. ವಿದ್ಯಾರ್ಥಿ ತನ್ನ ಮನೆಯಲ್ಲಿ ನಿಂತು ಮೊಬೈಲಿನಲ್ಲಿ ಪಟ ತೆಗೆಸಿ ಕಳಿಸುತ್ತಾನೆ. ಗುರು ತನ್ನ ಮನೆಯಲ್ಲಿ ಕುಳಿತು ಅದರ ಮೇಲೆ ಕೆಂಪು ಗೆರೆ ಎಳೆದು ಹಿಂದಿರುಗಿಸುತ್ತಾನೆ. ತಿಂಗಳ ಮೊದಲಿನದೊಂದು, ಕೊನೆಯದೊಂದು ಪಕ್ಕ ಪಕ್ಕ ಇಟ್ಟು 'ಸುಧಾರಿಸಿದೆ' ಎಂದೋ 'ಹದಗೆಟ್ಟಿದೆ' ಎಂದೋ ಬರೆಯುತ್ತಾನೆ. ಜೂನ್ 21 ಹತ್ತಿರ ಬಂತೆಂದರೆ ಊರೂರಿನ ಸಂಘಗಳೂ ಇದೇ ರೀತಿ ಪಟ ತರಿಸಿಕೊಂಡು ಬಹುಮಾನ ಹಂಚುತ್ತವೆ. ಈ ಪದ್ಧತಿ ತಪ್ಪೆಂದು ಹೇಳುವುದಕ್ಕೇ ಈ ಲೇಖನ. ನಿಶ್ಚಲ ಪಟದಿಂದ ಮೈಯ ನೇರವನ್ನು ಕೆಲವು ಕಟ್ಟುಪಾಡುಗಳಿಗೊಳಪಟ್ಟು ಅಳೆಯಬಹುದು. ಸಮತೋಲವನ್ನು ಒಂದೇ ಒಂದು ಪಟದಿಂದ ಅಳೆಯಲು ಬರುವುದಿಲ್ಲ. ಇಷ್ಟೇ ನನ್ನ ವಾದ.

ವಾದವನ್ನು ಗಾಳಿಯಲ್ಲಿ ತೇಲಿಸುವುದು ಬೇಡ. ಕಣ್ಣಾರೆ ನೋಡಿ ಅಳೆದ ಒಂದು ಸಂಗತಿಯನ್ನೇ ಹೇಳುತ್ತೇನೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ನನ್ನ ತಮ್ಮನ ಮನೆ. ಅವನ ಮಗಳು ಕಾಲೇಜು ಓದುವ ಹುಡುಗಿ. ದೂರದ ಪಟ್ಟಣದ ಶಿಕ್ಷಕರೊಬ್ಬರಿಂದ ಹೀಗೆಯೇ ಪಟ ಕಳಿಸಿ ಪಾಠ ಹೇಳಿಸಿಕೊಳ್ಳುತ್ತಿದ್ದಳು. ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕನಾಗಿ ಮೂವತ್ತು ವರ್ಷ ಮಕ್ಕಳಿಗೆ ಆಸನ ಹೇಳಿಕೊಟ್ಟು ನಿವೃತ್ತನಾದವನೆಂದು, ಆಕೆ ತನ್ನ ಮೂರು ಪಟಗಳನ್ನೂ ಶಿಕ್ಷಕರ ಷರಾಗಳನ್ನೂ ನನಗೆ ತೋರಿಸಿದಳು. ಮೂರೂ ವೃಕ್ಷಾಸನದವು: ಬಲಗಾಲಿನ ಮೇಲೆ ನಿಂತು, ಎಡ ಪಾದವನ್ನು ಬಲಗಾಲಿನ ಒಳಮೈಗೆ ಒತ್ತಿ, ಎಡ ಮಂಡಿಯನ್ನು ಪಕ್ಕಕ್ಕೆ ತೆರೆದು, ಕೈಗಳನ್ನು ತಲೆಯ ಮೇಲೆ ಜೋಡಿಸುವುದು. ಒಂದು ಕಲಿಕೆಯ 3ನೆಯ ದಿನದ್ದು, ಎರಡನೆಯದು 21ನೆಯ ದಿನದ್ದು, ಕೊನೆಯದು 40ನೆಯ ದಿನದ್ದು. ಶಿಕ್ಷಕರ ತೀರ್ಪು ಹೀಗಿತ್ತು: ಮೊದಲನೆಯದು 'ನೆಟ್ಟಗಿದೆ, ಉತ್ತಮ', ಎರಡನೆಯದು 'ಮಂಡಿ ಮುಂದಕ್ಕೆ ಬಂದಿದೆ', ಮೂರನೆಯದು 'ಸೊಂಟ ಹೊರಕ್ಕೆ ಸರಿದಿದೆ, ಪಾದ ಕೆಳಕ್ಕೆ ಜಾರಿದೆ, ಅಭ್ಯಾಸ ಸಾಲದು'. ನಲವತ್ತು ದಿನ ಬೆಳಗಿನ ಜಾವ ಎದ್ದು ದುಡಿದ ಹುಡುಗಿ ತಾನು ದಿನದಿಂದ ದಿನಕ್ಕೆ ಕೆಡುತ್ತಿದ್ದೇನೆಂದು ನಂಬಿ, ಬಿಟ್ಟುಬಿಡುವ ಯೋಚನೆಯಲ್ಲಿದ್ದಳು.

ಮೊದಲನೆಯ ಪಟವನ್ನು ನೋಡೋಣ. ಹುಡುಗಿಯ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಮೈಯೆಲ್ಲ ಒಂದೇ ಗೆರೆ. ಆ ಗೆರೆ ಪಟದ ಅಂಚಿಗೆ ಸರಿಸಮ. ನೋಡಿದವರು ಭೇಷ್ ಎನ್ನಬೇಕು. ಆದರೆ ಅವಳ ಬೆನ್ನ ಹಿಂದೆ ನಡುಮನೆಯ ಬಾಗಿಲುವಾಡವಿದೆ. ಅದು ನೋಡುವವರ ಎಡಕ್ಕೆ ವಾಲಿದೆ! ಬಾಗಿಲುವಾಡ ವಾಲುವುದಿಲ್ಲ, ವಾಲಿದ್ದು ಪಟ ತೆಗೆದ ತಮ್ಮನ ಕೈ. ಶಾಲೆಯ ಕೋನಮಾಪಕವನ್ನಿಟ್ಟು ಅಳೆದರೆ ವಾಲು 4 ಡಿಗ್ರಿ. ಪಟವನ್ನು ತಿರುಗಿಸಿ ಬಾಗಿಲನ್ನು ನೆಟ್ಟಗೆ ನಿಲ್ಲಿಸಿದರೆ, ಬಾಗಿಲು ಸರಿಹೋಗುತ್ತದೆ, ಹುಡುಗಿ ವಾಲುತ್ತಾಳೆ. 'ಕುಣಿಯಲಾರದವಳು ನೆಲ ಡೊಂಕೆಂದಳು' ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಪಟದ ಲೋಕದಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಮತ್ತು ಆ ಡೊಂಕು ಕುಣಿಯುವವಳ ಡೊಂಕನ್ನು ಮುಚ್ಚುತ್ತದೆ.

4 ಡಿಗ್ರಿ ಎಂದರೆ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡಿ. ಹುಡುಗಿಯ ಎತ್ತರ 5 ಅಡಿ 2 ಅಂಗುಲ. ನಿಂತ ಮನುಷ್ಯನ ಭಾರದ ನಡುಬಿಂದು ಸುಮಾರಾಗಿ ಹೊಕ್ಕುಳ ಮಟ್ಟದಲ್ಲಿ, ಇವಳಿಗೆ ನೆಲದಿಂದ 34 ಅಂಗುಲದಷ್ಟು ಮೇಲಿರುತ್ತದೆ. ಮೈ ಒಂದೇ ಗೆರೆಯಾಗಿ 4 ಡಿಗ್ರಿ ಪಕ್ಕಕ್ಕೆ ವಾಲಿದರೆ ಆ ಬಿಂದು ಪಾದದ ನಡುವಿನಿಂದ 2.4 ಅಂಗುಲ ಆಚೆಗೆ ಹೋಗುತ್ತದೆ. ಪಾದದ ಅಗಲ 3.5 ಅಂಗುಲ; ನಡುವಿನಿಂದ ಅಂಚಿಗೆ 1.75. ಎಂದರೆ ಭಾರ ಪಾದದ ಅಂಚನ್ನು ದಾಟಿ ಹೊರಗೆ ಬಿದ್ದಿದೆ. ಆ ಸ್ಥಿತಿಯಲ್ಲಿ ಯಾರೂ ನಿಂತಿರಲಾರರು. ಹಾಗಾದರೆ ಈ ಪಟದಲ್ಲಿರುವುದು ನಿಂತ ಹುಡುಗಿಯಲ್ಲ, ಬೀಳುತ್ತಿರುವ ಹುಡುಗಿ! ಅನುಮಾನ ಪರಿಹಾರಕ್ಕೆ ಅವಳನ್ನೇ ಕೇಳಿದೆ. "ಹೌದು ದೊಡ್ಡಪ್ಪ, ಮೂರು ಎಣಿಸೋದರೊಳಗೆ ಕಾಲು ಕೆಳಗೆ ಬಂದೇಬಿಡ್ತು. ಏಳೆಂಟು ಸಾರಿ ತೆಗೆಸಿದೆ, ಚೆನ್ನಾಗಿ ಬಂದದ್ದನ್ನು ಕಳಿಸಿದೆ" ಎಂದಳು. ಮೂರರಲ್ಲಿ ಉತ್ತಮವೆನಿಸಿಕೊಂಡ ಪಟದ ಕಥೆ ಇದು. ಕ್ಯಾಮೆರಾ ಕಣ್ಣು ತೆರೆದು ಮುಚ್ಚುವುದು ಸೆಕೆಂಡಿನ ನೂರನೆಯ ಒಂದು ಪಾಲಿನಲ್ಲಿ. ಅಷ್ಟು ಹೊತ್ತಿನಲ್ಲಿ ಬೀಳುವವನೂ ನಿಂತವನೂ ಒಂದೇ.

ಎರಡನೆಯ ಪಟದ ಮೇಲಿನ ಆಪಾದನೆ ಮಂಡಿಯದು. ತೆರೆದ ಮಂಡಿ ಮೊದಲಿನಷ್ಟು ಪಕ್ಕಕ್ಕೆ ಹೋಗದೆ ಮುಂದಕ್ಕೆ ಬಂದಿದೆಯಂತೆ. ಇಲ್ಲಿ ನೋಡಬೇಕಾದದ್ದು ಹುಡುಗಿಯನ್ನಲ್ಲ, ನೆಲವನ್ನು. ಅವರ ಮನೆಯ ನೆಲಕ್ಕೆ ಕಡಪದ ಕಲ್ಲು ಹಾಸಿದೆ. ಮೊದಲ ಪಟದಲ್ಲಿ ಕಲ್ಲಿನ ಸಂದುಗಳು ಒಂದು ಓರೆಯಲ್ಲಿವೆ, ಎರಡನೆಯದರಲ್ಲಿ ಇನ್ನೊಂದು ಓರೆಯಲ್ಲಿವೆ. ಹುಡುಗಿಯ ಬಲ ಪಾದ ಎರಡು ದಿನವೂ ಅದೇ ಸಂದಿನ ಗುಂಟ ಇದೆ. ಹಾಗಾದರೆ ಜಾಗ ಬದಲಿಸಿದ್ದು ಪಟ ತೆಗೆಯುವವನು. ಮೊದಲ ದಿನ ಅವನು ಅವಳ ಬಲಕ್ಕೆ ತುಸು ಸರಿದು ನಿಂತಿದ್ದ. ಎರಡನೆಯ ಸಾರಿ ಎಡಕ್ಕೆ, ಅಂದರೆ ಎತ್ತಿದ ಮಂಡಿಯ ಕಡೆಗೆ, ಸರಿದಿದ್ದ.

ಇದರಿಂದ ಏನಾಗುತ್ತದೆಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸಿಕೊಡುತ್ತದೆ. ತೊಡೆಯ ಉದ್ದ 16 ಅಂಗುಲವೆನ್ನಿ. ಅದು ನೇರ ಪಕ್ಕಕ್ಕೆ ತೆರೆದುಕೊಳ್ಳದೆ 30 ಡಿಗ್ರಿಯಷ್ಟು ಮುಂದಕ್ಕಿದೆಯೆನ್ನಿ. ಹೊಸಬರಲ್ಲಿ ಇಷ್ಟಿದ್ದರೆ ಆಶ್ಚರ್ಯವಿಲ್ಲ. ಕ್ಯಾಮೆರಾ ನೇರ ಎದುರಿಗಿದ್ದರೆ ಆ ತೊಡೆ ಪಟದಲ್ಲಿ 14 ಅಂಗುಲದಷ್ಟು ಅಗಲ ತೋರುತ್ತದೆ. ಕ್ಯಾಮೆರಾ 20 ಡಿಗ್ರಿ ಬಲಕ್ಕೆ ಸರಿದರೆ ಅದೇ ತೊಡೆ ಪೂರಾ 16ರ ಹತ್ತಿರ ತೋರುತ್ತದೆ. ಎಡಕ್ಕೆ ಅಷ್ಟೇ ಸರಿದರೆ ಹತ್ತಕ್ಕೆ ಇಳಿಯುತ್ತದೆ. ಹುಡುಗಿ ಕೂದಲೆಳೆಯಷ್ಟೂ ಅಲುಗದೆ ನಿಂತಿದ್ದರೂ ಅವಳ ಮಂಡಿ ಒಂದು ಪಟದಲ್ಲಿ ಗುರುವಿಗೆ ಒಪ್ಪಿಗೆಯಾಗುತ್ತದೆ, ಇನ್ನೊಂದರಲ್ಲಿ ಬೈಗುಳ ತಿನ್ನುತ್ತದೆ. 'ಮಂಡಿ ಮುಂದಕ್ಕೆ ಬಂದಿದೆ' ಎಂಬ ಷರಾವನ್ನು ಬರೆಯಬೇಕಾಗಿದ್ದದ್ದು ಪಟ ತೆಗೆದ ಹುಡುಗನ ಹೆಸರಿಗೆ.

ಮೂರನೆಯ ಪಟಕ್ಕೆ ಬರೋಣ. ಇದರಲ್ಲಿ ಪಾದ ತೊಡೆಯಿಂದ ಕೆಳಗೆ, ಮೀನಖಂಡದ ಮೇಲಿದೆ. ಜಾರಿದ್ದಲ್ಲ, ತಾನೇ ಇಳಿಸಿದ್ದು. ತೊಡೆಯ ಮೇಲೆ ಒತ್ತಿಟ್ಟ ಪಾದ ನಿಲ್ಲದೆ ಮಂಡಿಯ ಕೀಲಿನ ಮೇಲೆಯೇ ಬಂದು ಕೂರುತ್ತಿತ್ತು. ಕೀಲಿಗೆ ಅಡ್ಡ ಒತ್ತಡ ಬೀಳಬಾರದೆಂದು ಅವಳ ತಾಯಿ ಹೇಳಿದ್ದರಿಂದ ಕೀಲಿನ ಕೆಳಗೆ ಇಟ್ಟುಕೊಂಡಳು. ಇದು ವಿವೇಕ. ಪಟಕ್ಕೆ ವಿವೇಕ ಕಾಣದು, ಎತ್ತರ ಕಾಣುತ್ತದೆ.

ಇನ್ನು ಸೊಂಟ. ಅದು ಬಲಕ್ಕೆ ಸರಿದಿರುವುದು ದಿಟ. ಅದರಲ್ಲಿ ಶಿಕ್ಷಕರು ಸುಳ್ಳು ಹೇಳಿಲ್ಲ. ಆದರೆ ಎಷ್ಟು ಹೊತ್ತು ಸರಿದಿತ್ತು? ಇದೇ ಪ್ರಶ್ನೆಯನ್ನು ಪಟದ ಮುಂದೆ ನೂರು ಸಾರಿ ಕೇಳಿದರೂ ಉತ್ತರ ಬರುವುದಿಲ್ಲ. ಆದುದರಿಂದ ನಾನು ಅವಳನ್ನೇ ನಿಲ್ಲಿಸಿ, ಗಾರೆ ಕೆಲಸದವರು ಗೋಡೆಗೆ ಇಳಿಬಿಡುವ ತೂಗುಗುಂಡನ್ನು ಹಿಂದಿನ ತೊಲೆಯಿಂದ ದಾರ ಕಟ್ಟಿ ಇಳಿಬಿಟ್ಟು, 12 ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಮೊಬೈಲನ್ನು ಅವಳ ಹೊಕ್ಕುಳ ಮಟ್ಟಕ್ಕೆ ಒರಗಿಸಿ, ಗಡಿಯಾರ ನೋಡುತ್ತ 4 ಸೆಕೆಂಡಿಗೊಂದರಂತೆ ಹತ್ತು ಪಟ ತೆಗೆದೆ. ಹುಡುಗಿ ಬಲಗಾಲಿನ ಮೇಲೆ 40 ಸೆಕೆಂಡು ನಿಂತಳು. ನಲವತ್ತನೆಯ ದಿನಕ್ಕೆ ನಲವತ್ತು ಸೆಕೆಂಡು! ಮೂರು ಎಣಿಸುವುದರೊಳಗೆ ಕಾಲು ಇಳಿಸುತ್ತಿದ್ದವಳು.

ಆ ಹತ್ತು ಪಟಗಳನ್ನು ದಾರಕ್ಕೆ ಹೋಲಿಸಿ ಅಳೆದೆ. ಎಂಟರಲ್ಲಿ ಸೊಂಟ ದಾರದ ನೇರಕ್ಕಿದೆ. ಎರಡರಲ್ಲಿ ಬಲಕ್ಕೆ ಸರಿದಿದೆ. ಬೆನ್ನಿನ ಗೆರೆ ಒಂದರಲ್ಲಿ ಎಡಕ್ಕೆ 1 ಡಿಗ್ರಿ ವಾಲಿದೆ, ಇನ್ನೊಂದರಲ್ಲಿ ಬಲಕ್ಕೆ 3 ಡಿಗ್ರಿ. ಕುಳಿತು ನೋಡುತ್ತಿದ್ದ ನನ್ನ ಕಣ್ಣಿಗೆ ಕಂಡದ್ದೇ ಬೇರೆ: ಸೊಂಟ ಸರಿಯಿತು, ಪಾದದ ಬೆರಳುಗಳು ನೆಲವನ್ನು ಒತ್ತಿದವು, ಹರಡಿನ ನರ ಬಿಗಿಯಿತು, ಒಂದು ಉಸಿರಿನೊಳಗೆ ಸೊಂಟ ಮತ್ತೆ ತನ್ನ ಜಾಗಕ್ಕೆ ಬಂತು. ಸಮತೋಲವೆಂದರೆ ಇದೇ. ಒಂಟಿ ಕಾಲಿನ ಮೇಲೆ, ಅಷ್ಟೇಕೆ ಎರಡು ಕಾಲಿನ ಮೇಲೂ, ಮನುಷ್ಯ ಕಂಬದ ಹಾಗೆ ನಿಲ್ಲುವುದಿಲ್ಲ. ಸದಾ ತುಸು ತುಸು ಓಲಾಡುತ್ತಿರುತ್ತಾನೆ. ಓಲುವುದು ತಪ್ಪಲ್ಲ, ಓಲಿ ಹಿಂದಿರುಗದಿರುವುದು ತಪ್ಪು. ಹೋಗುವುದು, ಬರುವುದು ಎರಡೂ ಕೂಡಿ ಸಮತೋಲ. ಪಟ ಹೋಗುವುದನ್ನು ತೋರಿಸುತ್ತದೆ, ಇಲ್ಲವೆ ಬರುವುದನ್ನು ತೋರಿಸುತ್ತದೆ. ಯಾವುದೆಂದು ಮಾತ್ರ ಹೇಳುವುದಿಲ್ಲ. ಹುಡುಗಿಯ ಅತ್ಯಂತ ದೊಡ್ಡ ಗೆಲುವನ್ನು, ಅಂದರೆ ಬೀಳುವ ಮೈಯನ್ನು ಹಿಡಿದು ಹಿಂದಕ್ಕೆ ತಂದ ಗಳಿಗೆಯನ್ನು, ಆ ಪಟ ಅಪರಾಧವೆಂದು ದಾಖಲಿಸಿತು.

ಈ ಹತ್ತು ಪಟಗಳಿಂದ ಇನ್ನೂ ಒಂದು ಮಾತು ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಇದೇ. ಒಂದೇ ದಿನ, ಒಂದೇ ನಿಲುವಿನಲ್ಲಿ, 40 ಸೆಕೆಂಡಿನೊಳಗೆ ಬೆನ್ನಿನ ಗೆರೆ 4 ಡಿಗ್ರಿಯಷ್ಟು ಅತ್ತಿತ್ತ ಆಡಿದೆ. ಹೀಗಿರುವಾಗ 21ನೆಯ ದಿನದ ಪಟಕ್ಕೂ 40ನೆಯ ದಿನದ ಪಟಕ್ಕೂ ನಡುವೆ 2 ಡಿಗ್ರಿ ವ್ಯತ್ಯಾಸ ಕಂಡು 'ಹದಗೆಟ್ಟಿದೆ' ಎನ್ನುವುದಕ್ಕೆ ಏನು ಅರ್ಥ? ತಕ್ಕಡಿಯೇ ಒಂದು ತೊಲ ಆಚೀಚೆ ಆಡುವಾಗ ಅರ್ಧ ತೊಲ ಬಂಗಾರ ಕಡಿಮೆಯಾಯಿತೆಂದು ಜಗಳವಾಡಿದ ಹಾಗೆ. ಎರಡು ದಿನಗಳನ್ನು ಹೋಲಿಸುವ ಮೊದಲು ಒಂದು ದಿನವನ್ನು ಅದರೊಡನೆಯೇ ಹೋಲಿಸಬೇಕು. ಆ ದಿನದ ಒಳಗೇ ಎಷ್ಟು ಏರಿಳಿತವಿದೆಯೋ ಅದಕ್ಕಿಂತ ಮಿಗಿಲಾದದ್ದು ಕಂಡರೆ ಮಾತ್ರ ಸುಧಾರಣೆ ಅಥವಾ ಇಳಿಮುಖ ಎನ್ನಬಹುದು. ಹೊತ್ತಿನ ಮಾತೂ ಇದಕ್ಕೆ ಸೇರಿದ್ದು. ಬೆಳಿಗ್ಗೆ ಎದ್ದೊಡನೆ ಬೆನ್ನು ಬಿಗಿಯಾಗಿರುತ್ತದೆ. ಮುಂದಕ್ಕೆ ಬಾಗುವ ಆಸನಗಳು ಸಂಜೆಗೆ ಸಲೀಸು. ಬೆಳಗಿನ ಪಟವನ್ನೂ ಸಂಜೆಯ ಪಟವನ್ನೂ ಪಕ್ಕ ಪಕ್ಕ ಇಟ್ಟು ಒಂದು ತಿಂಗಳ ಪ್ರಗತಿಯೆಂದು ತೋರಿಸುವವರು ಹನ್ನೆರಡು ಗಂಟೆಯ ವ್ಯತ್ಯಾಸವನ್ನು ತಿಂಗಳಿಗೆ ಮಾರುತ್ತಿದ್ದಾರೆ.

'ಹಾಗಾದರೆ ಪಟಗಳಿಗೆ ಬೆಲೆಯೇ ಇಲ್ಲವೆ? ನಮ್ಮ ದೊಡ್ಡ ಆಚಾರ್ಯರೆಲ್ಲ ಪಟಗಳಿಂದಲೇ ಕಲಿಸಲಿಲ್ಲವೆ?' ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೆ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ 'ಯೋಗ ಮಕರಂದ'ವನ್ನು ಪಟಗಳ ಸಮೇತ ಹೊರತಂದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಅವರಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರರು 1966ರಲ್ಲಿ ಪ್ರಕಟಿಸಿದ 'ಲೈಟ್ ಆನ್ ಯೋಗ'ದಲ್ಲಿ ಸುಮಾರು 600 ಪಟಗಳಿವೆ. ಆದರೆ ಆ ಪಟಗಳ ಕೆಲಸವೇನು? ಬಲ್ಲವನು ಮಾಡಿದ ಆಸನ ಎಲ್ಲಿಗೆ ಮುಟ್ಟಬೇಕೆಂದು ಕಲಿಯುವವನಿಗೆ ತೋರಿಸುವುದು. ಅವು ಊರಿನ ಹೆಸರು ಬರೆದ ಕೈಮರಗಳು. ಕಲಿಯುವವನು ದಾರಿಯಲ್ಲಿ ಎಷ್ಟು ನಡೆದನೆಂಬುದನ್ನು ಕೈಮರ ಹೇಳುವುದಿಲ್ಲ. ಹೇಗೆ ಹೋಗಬೇಕು, ಹೇಗೆ ಉಸಿರಾಡಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ಅಯ್ಯಂಗಾರರು ಪಟಕ್ಕೆ ಬಿಡದೆ ಮಾತಿನಲ್ಲಿ ಬರೆದರು. ಹಲವು ಆಸನಗಳಿಗೆ ಒಂದಕ್ಕೆ ನಾಲ್ಕು ಪಟ ಕೊಟ್ಟರು. ಈ ಗುರುಶಿಷ್ಯರಿಬ್ಬರ ಆಸನಗಳನ್ನು 1938ರಲ್ಲಿ ಚಲನಚಿತ್ರವಾಗಿಯೂ ತೆಗೆದದ್ದುಂಟು. ಮೂಕಚಿತ್ರವಾದರೂ, ಆಸನಕ್ಕೆ ಹೋಗುವ ಬಗೆ, ಅದರಿಂದ ಬರುವ ಬಗೆ ಅದರಲ್ಲಿ ಕಾಣುವಷ್ಟು ಪುಸ್ತಕದಲ್ಲಿ ಕಾಣುವುದಿಲ್ಲ.

ನಮ್ಮ ಜಿಲ್ಲೆಯ ಮಾತೇ ಬೇಕಾದರೆ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯತ್ತ ನೋಡಬಹುದು. 'ತಿರುಕ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, 1996ರಲ್ಲಿ ತೀರಿಕೊಂಡ ರಾಘವೇಂದ್ರ ಸ್ವಾಮಿಗಳು ಊರೂರು ತಿರುಗಿ ಆಸನ ಕಲಿಸಿದವರು. ಎದುರಿಗೆ ಮೈ, ಎದುರಿಗೆ ಕಣ್ಣು, ನಡುವೆ ಕಾಗದವಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ಬಿಗಿಯಾದದ್ದು. 'ಕಣ್ಣಿಗೆ ಕಾಣದ್ದನ್ನು ಪಟ ಕಾಣುತ್ತದೆ. ಓಡುವ ಕುದುರೆಯ ನಾಲ್ಕು ಕಾಲೂ ಒಮ್ಮೆ ನೆಲ ಬಿಡುತ್ತವೆಂಬುದು ಪಟದಿಂದಲೇ ತಿಳಿದದ್ದಲ್ಲವೆ?' ಹೌದು, 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ ಅದನ್ನು ತೋರಿಸಿದ. ಆದರೆ ಹೇಗೆ ತೋರಿಸಿದ? ಒಂದು ಪಟದಿಂದಲ್ಲ. ಕುದುರೆಯ ಹಾದಿಯ ಪಕ್ಕದಲ್ಲಿ ಸಮದೂರಕ್ಕೆ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನ ಗೋಡೆಗೆ ಅಳತೆಯ ಗೆರೆಗಳನ್ನು ಎಳೆದು, ಒಂದರ ಹಿಂದೊಂದು ಪಟ ತೆಗೆದ. ಕುದುರೆ ನಕ್ಕರೂ ಅಳುತ್ತಿದ್ದರೂ ಪಟ ತನ್ನ ಸರದಿಗೆ ಬಿದ್ದೇ ತೀರಬೇಕು. ಚೆನ್ನಾಗಿ ಬಂದದ್ದನ್ನು ಆರಿಸಿ ಕಳಿಸುವ ಅವಕಾಶ ಕುದುರೆಗಿರಲಿಲ್ಲ. ಮೈಬ್ರಿಜನ ಸಾಕ್ಷಿ ನನ್ನ ಪಕ್ಷಕ್ಕೇ ಹೆಚ್ಚು ಅನುಕೂಲ.

ಆದ್ದರಿಂದ ಪಟವನ್ನು ಬಹಿಷ್ಕರಿಸೆಂದು ನಾನು ಹೇಳುವುದಿಲ್ಲ, ಅದನ್ನು ಕಟ್ಟಿಹಾಕೆನ್ನುತ್ತೇನೆ. ನೆಲದ ಮೇಲೆ ಪಾದಕ್ಕೊಂದು, ಕ್ಯಾಮೆರಾಕ್ಕೊಂದು ಸುಣ್ಣದ ಗುರುತು ಹಾಕಿ, ಪ್ರತಿ ಸಾರಿ ಅವೇ ಗುರುತುಗಳಲ್ಲಿ ಇಡಬೇಕು. ದೂರ 12 ಅಡಿಗೆ ಕಡಿಮೆಯಿರಬಾರದು. 5 ಅಡಿಯಿಂದ ತೆಗೆದರೆ ಒಂದಡಿ ಮುಂದಿರುವ ಮಂಡಿ ಕಾಲು ಪಾಲು ದೊಡ್ಡದಾಗಿ ತೋರುತ್ತದೆ. 12 ಅಡಿಯಿಂದಾದರೆ ಆ ಉಬ್ಬರ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಿಂದೆ ತೂಗುಗುಂಡಿನ ದಾರ ಇರಲೇಬೇಕು. ಮೊಬೈಲಿನ ಮುಂಗಣ್ಣಿನಿಂದ ತೆಗೆಯಕೂಡದು. ಕೆಲವು ಮೊಬೈಲುಗಳಲ್ಲಿ ಅದು ಕನ್ನಡಿಯಂತೆ ಎಡಬಲ ಅದಲುಬದಲು ಮಾಡಿ, ಎಡ ಸೊಂಟದ ದೋಷವನ್ನು ಬಲ ಸೊಂಟಕ್ಕೆ ಹೊರಿಸುತ್ತದೆ. ಪಟವನ್ನು ಕಣ್ಣು ಆರಿಸಬಾರದು, ಗಡಿಯಾರ ಆರಿಸಬೇಕು: ನಿಂತ ಐದನೆಯ ಸೆಕೆಂಡಿಗೊಂದು, ಹದಿನೈದಕ್ಕೊಂದು, ಇಪ್ಪತ್ತೈದಕ್ಕೊಂದು, ಎರಡು ಕಾಲಿನ ಮೇಲೂ. ಅಷ್ಟರೊಳಗೆ ಕಾಲು ಇಳಿದರೆ ಇಳಿದ ಪಟವೇ ದಾಖಲೆ.

ಇಷ್ಟು ಮಾಡಿದರೆ ಪಾದ ಎಲ್ಲಿದೆ, ಮಂಡಿ ಯಾವ ಕಡೆಗಿದೆ, ಸೊಂಟದ ಎರಡು ಬದಿ ಸಮನಾಗಿವೆಯೆ ಎಂಬ ದಪ್ಪ ದಪ್ಪ ಸಂಗತಿಗಳನ್ನು ಪಟದಿಂದ ಧೈರ್ಯವಾಗಿ ಹೇಳಬಹುದು. ಆಗಲೂ ಕ್ಯಾಮೆರಾದ ಕಡೆಗೆ ಬಾಗಿದ ಮೈ ಎದುರಿನ ಪಟದಲ್ಲಿ ಕಾಣುವುದಿಲ್ಲ. ಅದಕ್ಕೆ ಪಕ್ಕದ ಪಟ ಬೇರೆ ಬೇಕು. ಸಡಿಲ ಚೂಡಿದಾರದೊಳಗಿನ ಮಂಡಿ ಎಲ್ಲಿಯೂ ಕಾಣುವುದಿಲ್ಲ. ಉಸಿರಂತೂ ಕಾಣುವುದೇ ಇಲ್ಲ. ಪತಂಜಲಿ ಆಸನದಿಂದ ಕೇಳಿದ್ದು ಎರಡೇ ಗುಣ, ಸ್ಥಿರತೆ ಮತ್ತು ಸುಖ. ಸ್ಥಿರತೆಗೆ ಕಾಲ ಬೇಕು, ಸುಖಕ್ಕೆ ಉಸಿರು ಸಾಕ್ಷಿ. ಕಾಲವೂ ಇಲ್ಲದ ಉಸಿರೂ ಇಲ್ಲದ ಕಾಗದದ ಮೇಲೆ ಇವೆರಡಕ್ಕೆ ಅಂಕ ಹಾಕುವವರ ಧೈರ್ಯ ದೊಡ್ಡದು!

2020ರಲ್ಲಿ ಜನ ಮನೆಯಿಂದ ಹೊರಡುವಂತಿಲ್ಲದಾಗ ಕೇಂದ್ರದ ಆಯುಷ್ ಸಚಿವಾಲಯ ಏರ್ಪಡಿಸಿದ ಯೋಗ ಸ್ಪರ್ಧೆಗೆ ಕೇಳಿದ್ದು ಪಟವನ್ನಲ್ಲ, 3 ನಿಮಿಷದ ವೀಡಿಯೊವನ್ನು. ಅಷ್ಟರಮಟ್ಟಿಗೆ ಅದು ಸರಿಯಾದ ದಾರಿ. ಪಟ ತೆಗೆಯುವ ಮೊಬೈಲೇ ವೀಡಿಯೊವನ್ನೂ ತೆಗೆಯುತ್ತದೆ. ಹಾಗಿದ್ದೂ ನಮ್ಮ ಸಂಘಗಳು, ನಮ್ಮ ಶಿಕ್ಷಕರು ಪಟವನ್ನೇ ಕೇಳುವುದೇಕೆ? ಕಾರಣ ಸರಳ. ಒಂದು ಪಟ ನೋಡಲು ಒಂದು ಗಳಿಗೆ ಸಾಕು. ವೀಡಿಯೊ ನೋಡಲು ಅದು ಓಡುವಷ್ಟು ಹೊತ್ತೂ ಕೂರಬೇಕು. ಕಲಿಯುವವಳು ನಲವತ್ತು ಸೆಕೆಂಡು ಒಂಟಿ ಕಾಲಿನಲ್ಲಿ ನಿಲ್ಲಬೇಕು, ತೀರ್ಪುಗಾರ ನಲವತ್ತು ಸೆಕೆಂಡು ಕುರ್ಚಿಯಲ್ಲಿ ಕೂರಲಾರ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದರು ಹಿರಿಯರು. ಪಟ ಪ್ರತ್ಯಕ್ಷವೂ ಅಲ್ಲ. ಪಟದ ಮೇಲೆ ಷರಾ ಬರೆಯುವ ಮಹನೀಯರಿಂದ ನಾನು ಕೇಳುವುದು ಇಷ್ಟೆ: ಷರಾದ ಕೆಳಗೆ ಕ್ಯಾಮೆರಾ ಎಲ್ಲಿತ್ತು, ಎಷ್ಟನೆಯ ಸೆಕೆಂಡಿನಲ್ಲಿ ತೆಗೆದದ್ದು, ತೆಗೆದ ಎಷ್ಟು ಪಟಗಳಲ್ಲಿ ಇದು ಒಂದು, ಈ ಮೂರು ಸಾಲನ್ನು ಬರೆಯಲಿ. ಬರೆಯಲು ಗೊತ್ತಿಲ್ಲದಿದ್ದರೆ ಕೆಂಪು ಮಸಿಯನ್ನು ಮುಚ್ಚಿಡಲಿ.